ಬಿಟ್ಟಿ ತಂತ್ರಾಂಶ, ಬೆಲೆಯುಳ್ಳ ಪೀರಿಯಡ್

ಹೊಸ ತಂತ್ರಾಂಶವೊಂದನ್ನು ತರಗತಿಗೆ ತರಬೇಕೆ ಬೇಡವೆ ಎಂಬುದನ್ನು ಶಾಲೆ ಯೋಚಿಸಿ ಬರೆದಿಡುವ ಎರಡು ಮೂರು ಪುಟಗಳ ದಾಖಲೆಯೇ ನಿರ್ಣಯ ಟಿಪ್ಪಣಿ. ಕಚೇರಿಯ ಕಡತದಲ್ಲಿರುವ ಟಿಪ್ಪಣಿ ಹಾಳೆಗೂ ಇದಕ್ಕೂ ನಂಟಿದೆ, ಆದರೆ ಎರಡೂ ಒಂದೇ ಅಲ್ಲ. ಕಡತದ ಟಿಪ್ಪಣಿ ಯಾರು ಏನು ಅನುಮೋದಿಸಿದರು ಎಂಬುದನ್ನು ದಾಖಲಿಸುತ್ತದೆ. ನಿರ್ಣಯ ಟಿಪ್ಪಣಿ ಅದಕ್ಕೂ ಹಿಂದಿನ ಹಂತದ್ದು. ಬಿಡಿಸಬೇಕಾದ ತೊಡಕು ಯಾವುದು, ಅದಕ್ಕೆ ಬೇರೆ ದಾರಿಗಳೇನಿವೆ, ಏನೂ ಕೊಳ್ಳದೆ ಸುಮ್ಮನಿದ್ದರೆ ಏನಾಗುತ್ತದೆ, ಯಾವ ಆಧಾರದ ಮೇಲೆ ಒಂದನ್ನು ಆರಿಸಲಾಯಿತು, ಯಾವ ಲಕ್ಷಣ ಕಂಡರೆ ಆ ಆಯ್ಕೆಯನ್ನು ಕೈಬಿಡಬೇಕು ಎಂಬುದೆಲ್ಲ ಅದರಲ್ಲಿರಬೇಕು. ಶಾಲೆಗಳಲ್ಲಿ ಈ ಕೆಲಸ ನಡೆಯುವುದು ಸಾಮಾನ್ಯವಾಗಿ ತಿರುವುಮುರುವಾಗಿ. ಮಾರಾಟಗಾರ ಬಂದು ಮುಖ್ಯ ಶಿಕ್ಷಕರ ಕೊಠಡಿಯಲ್ಲಿ ಚಂದದ ಪ್ರದರ್ಶನ ಕೊಡುತ್ತಾನೆ, ಇಲ್ಲವೇ ದಾನಿಯೊಬ್ಬರು ಏನನ್ನೋ ಕೊಡಲು ಮುಂದಾಗುತ್ತಾರೆ. ತಂತ್ರಾಂಶ ಮೊದಲು ಒಳಗೆ ಬರುತ್ತದೆ, ಕಾರಣವನ್ನು ಆಮೇಲೆ ಹುಡುಕಲಾಗುತ್ತದೆ.

ಇಂಥ ಟಿಪ್ಪಣಿಯಲ್ಲಿ ತೂಗಿ ನೋಡುವ ಸಂಗತಿಗಳು ಮೂರು: ವೆಚ್ಚ, ಹೊಂದಾಣಿಕೆ ಮತ್ತು ಶಿಕ್ಷಕರ ಸಿದ್ಧತೆ. ಇವುಗಳನ್ನು ತೂಗುವ ಬಗೆ ತಿಳಿಯಲು ಪ್ರೌಢಶಾಲೆಯ ಗಣಿತಕ್ಕೆ ಜಿಯೋಜೀಬ್ರಾ ಎಂಬ ತಂತ್ರಾಂಶ ಒಳ್ಳೆಯ ಉದಾಹರಣೆ. ಅದಕ್ಕೆ ಹಣ ಕೊಡಬೇಕಿಲ್ಲ. ಆದ್ದರಿಂದಲೇ ವೆಚ್ಚ ಎಂದರೆ ನಿಜವಾಗಿ ಏನು ಎಂಬ ಪ್ರಶ್ನೆ ಅಲ್ಲಿ ಸ್ಪಷ್ಟವಾಗಿ ಏಳುತ್ತದೆ.

ಜಿಯೋಜೀಬ್ರಾವನ್ನು ರೂಪಿಸಿದವರು ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್. 2001ರಲ್ಲಿ ಸಾಲ್ಜ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿಯ ಕೆಲಸವಾಗಿ ಅದು ಶುರುವಾಯಿತು. ಬಿಂದು, ರೇಖೆ, ವೃತ್ತಗಳನ್ನು ತೆರೆಯ ಮೇಲೆ ರಚಿಸಬಹುದು. ಸಮೀಕರಣ ಬರೆದರೆ ಅದರ ನಕ್ಷೆ ಮೂಡುತ್ತದೆ. ರೇಖಾಗಣಿತವೂ ಬೀಜಗಣಿತವೂ ಒಂದೇ ತೆರೆಯಲ್ಲಿ ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ. ಲಾಭದ ಉದ್ದೇಶವಿಲ್ಲದ ಬಳಕೆಗೆ ಅದು ಉಚಿತ, ಅಂತರ್ಜಾಲವಿಲ್ಲದೆಯೂ ಓಡುತ್ತದೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಇದು ಬಹುಕಾಲದಿಂದ ಬಳಕೆಯಲ್ಲಿದೆ. ಕರ್ನಾಟಕದಲ್ಲಿ ರಾಜ್ಯದ ಶಿಕ್ಷಕರ ತರಬೇತಿ ವ್ಯವಸ್ಥೆಯೂ ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆಯೂ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ಮೂಲಕ ಹಲವು ಗಣಿತ ಶಿಕ್ಷಕರು ಇದನ್ನು ಕಲಿತರು.

ಇನ್ನು ಉದಾಹರಣೆಗೆ ಒಂದು ಶಾಲೆಯನ್ನು ಕಲ್ಪಿಸಿಕೊಳ್ಳಬೇಕು. ತಾಲ್ಲೂಕು ಕೇಂದ್ರದ ಕನ್ನಡ ಮಾಧ್ಯಮದ ಅನುದಾನಿತ ಪ್ರೌಢಶಾಲೆ. 8, 9, 10ನೇ ತರಗತಿಗಳಿಗೆ ಎರಡೆರಡು ವಿಭಾಗ, ವಿಭಾಗಕ್ಕೆ 40ರಂತೆ ಒಟ್ಟು 240 ಮಕ್ಕಳು. ಗಣಿತಕ್ಕೆ ಇಬ್ಬರು ಶಿಕ್ಷಕರು. ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಮಾಡುವ ಯಂತ್ರಗಳು 10. ಒಂದು ಲ್ಯಾಪ್‌ಟಾಪ್ ಇದೆ, ಪ್ರೊಜೆಕ್ಟರ್ ಕೆಟ್ಟಿದೆ. ಆಡಳಿತ ಮಂಡಳಿಯ ಮುಂದೆ ಮೂರು ದಾರಿಗಳಿವೆ. ಮಗುವಿಗೆ ವರ್ಷಕ್ಕೆ ಇಷ್ಟು ಎಂದು ಚಂದಾ ಕಟ್ಟಿ ಎಲ್ಲ ವಿಷಯಗಳ ಪಾಠದ ವೀಡಿಯೊಗಳಿರುವ ಪ್ಯಾಕೇಜ್ ಕೊಳ್ಳುವುದು ಒಂದು. ಜಿಯೋಜೀಬ್ರಾ ತರುವುದು ಇನ್ನೊಂದು. ಈಗಿರುವಂತೆ ಕಪ್ಪುಹಲಗೆ, ಸೀಮೆಸುಣ್ಣ, ಕೈವಾರದಲ್ಲೇ ಮುಂದುವರಿಯುವುದು ಮೂರನೆಯದು. ಮೂರನೆಯ ದಾರಿಯನ್ನು ಬಹುತೇಕ ಟಿಪ್ಪಣಿಗಳು ಬರೆಯುವುದೇ ಇಲ್ಲ. ಅದನ್ನು ಬರೆಯದಿದ್ದರೆ ಉಳಿದೆರಡರಿಂದ ಆಗುವ ಲಾಭವನ್ನು ಯಾವುದಕ್ಕೆ ಹೋಲಿಸಿ ಅಳೆಯುತ್ತಿದ್ದೇವೆ ಎಂಬುದೇ ತಿಳಿಯುವುದಿಲ್ಲ.

ಮೊದಲು ವೆಚ್ಚ. ಇಲ್ಲಿಯ ಅಂಕಿಗಳು ಉದಾಹರಣೆಗಾಗಿ ಹಿಡಿದವು, ಪ್ರತಿ ಶಾಲೆಯೂ ತನ್ನ ಊರಿನ ದರಪಟ್ಟಿ ತರಿಸಿ ಬರೆದುಕೊಳ್ಳಬೇಕು. ಲೆಕ್ಕವನ್ನು ಒಂದು ವರ್ಷಕ್ಕೆ ಹಾಕಬಾರದು, ಮೂರು ವರ್ಷಕ್ಕೆ ಹಾಕಬೇಕು. ಮೊದಲ ವರ್ಷ ಎಲ್ಲವೂ ಹೊಸದಾಗಿರುತ್ತದೆ. ದುರಸ್ತಿಯ ಬಿಲ್ಲು, ಯುಪಿಎಸ್ ಬ್ಯಾಟರಿಯ ಬದಲಾವಣೆ, ಚಂದಾ ನವೀಕರಣ ಇವೆಲ್ಲ ಕಾಣಿಸಿಕೊಳ್ಳುವುದು ಆಮೇಲೆಯೇ. ಜಿಯೋಜೀಬ್ರಾದ ಪರವಾನಗಿಗೆ ಸೊನ್ನೆ ರೂಪಾಯಿ. ಪ್ರೊಜೆಕ್ಟರಿಗೆ ₹35,000, ಯುಪಿಎಸ್ ಬ್ಯಾಟರಿಗಳಿಗೆ ₹15,000, ದುರಸ್ತಿಗೆ ವರ್ಷಕ್ಕೆ ₹8,000, ವಿದ್ಯುತ್ತಿಗೆ ವರ್ಷಕ್ಕೆ ₹3,000 ಎಂದು ಹಿಡಿದರೆ ಮೂರು ವರ್ಷಕ್ಕೆ ಒಟ್ಟು ₹83,000. ಮಗುವಿಗೆ ವರ್ಷಕ್ಕೆ ಸುಮಾರು ₹115 ಬೀಳುತ್ತದೆ. ಚಂದಾ ಪ್ಯಾಕೇಜು ಮಗುವಿಗೆ ವರ್ಷಕ್ಕೆ ₹1,200 ಎಂದಾದರೆ ಮೂರು ವರ್ಷಕ್ಕೆ ₹8,64,000. ಪ್ರೊಜೆಕ್ಟರು, ಬ್ಯಾಟರಿ, ದುರಸ್ತಿಗಳು ಅದಕ್ಕೂ ಬೇಕು. ಪ್ಯಾಕೇಜು ವಿಜ್ಞಾನ, ಸಮಾಜಗಳನ್ನೂ ಒಳಗೊಂಡಿರುತ್ತದೆ ಎಂಬುದನ್ನು ನ್ಯಾಯವಾಗಿ ಹೇಳಬೇಕು, ಆದರೂ ಅಂತರ ದೊಡ್ಡದು.

ಹೆಚ್ಚಿನ ಟಿಪ್ಪಣಿಗಳು ಇಲ್ಲಿಗೇ ನಿಲ್ಲುತ್ತವೆ. ಉಚಿತ ತಂತ್ರಾಂಶ ಗೆದ್ದಿತು ಎಂದು ಬರೆದು ಸಹಿ ಹಾಕಲಾಗುತ್ತದೆ. ಆದರೆ ಮಗುವಿಗೆ ಬಿದ್ದ ವೆಚ್ಚಕ್ಕಿಂತ ಹೆಚ್ಚು ಸಂಗತಿ ಹೇಳುವುದು ನಿಜವಾಗಿ ನಡೆದ ಪಾಠವೊಂದಕ್ಕೆ ಬಿದ್ದ ವೆಚ್ಚ. ಪ್ರತಿ ವಿಭಾಗದಲ್ಲಿ ವರ್ಷಕ್ಕೆ 15 ಪೀರಿಯಡ್ ಜಿಯೋಜೀಬ್ರಾ ಬಳಸಿದರೆ ಆರು ವಿಭಾಗಕ್ಕೆ 90, ಮೂರು ವರ್ಷಕ್ಕೆ 270 ಪೀರಿಯಡ್. ಆಗ ಒಂದು ಪಾಠಕ್ಕೆ ಸುಮಾರು ₹307. ಅದೇ ವರ್ಷಕ್ಕೆ ಮೂರೇ ಪೀರಿಯಡ್ ಬಳಸಿದರೆ ಒಟ್ಟು 54, ಒಂದು ಪಾಠಕ್ಕೆ ₹1,537. ಖರ್ಚು ಒಂದೇ, ಬಳಕೆ ಕುಗ್ಗಿದಂತೆ ಬೆಲೆ ಐದು ಪಟ್ಟಾಯಿತು. ಆದ್ದರಿಂದ ವೆಚ್ಚದ ಪ್ರಶ್ನೆಗೆ ಉತ್ತರ ವೆಚ್ಚದ ಪಟ್ಟಿಯೊಳಗೇ ಸಿಗುವುದಿಲ್ಲ. ಎಷ್ಟು ಪೀರಿಯಡ್ ಬಳಕೆಯಾಗುತ್ತದೆ ಎಂಬುದನ್ನು ನಿರ್ಧರಿಸುವುದು ಹೊಂದಾಣಿಕೆ ಮತ್ತು ಶಿಕ್ಷಕರ ಸಿದ್ಧತೆ.

ರೂಪಾಯಿಯ ಲೆಕ್ಕಕ್ಕೆ ಬಾರದ ಇನ್ನೊಂದು ವೆಚ್ಚ ವೇಳೆ. ಇಬ್ಬರು ಶಿಕ್ಷಕರು ಮೊದಲ ವರ್ಷ ವಾರಕ್ಕೆ ಎರಡೆರಡು ಗಂಟೆ ಸಿದ್ಧತೆಗೆ ಕೊಟ್ಟರೆ 30 ವಾರಗಳಲ್ಲಿ 120 ಗಂಟೆ. ಆ ಗಂಟೆಗಳು ಎಲ್ಲಿಂದ ಬರುತ್ತವೆ? ಉತ್ತರಪತ್ರಿಕೆ ತಿದ್ದುವ ಹೊತ್ತಿನಿಂದಲೋ, ಹಿಂದುಳಿದ ಮಕ್ಕಳಿಗೆ ಸಂಜೆ ತೆಗೆದುಕೊಳ್ಳುವ ವಿಶೇಷ ತರಗತಿಯಿಂದಲೋ, ಶಿಕ್ಷಕರ ಮನೆಯ ಹೊತ್ತಿನಿಂದಲೋ? ಟಿಪ್ಪಣಿ ಇದಕ್ಕೆ ಹೆಸರಿಟ್ಟು ಉತ್ತರ ಬರೆಯಬೇಕು. ‘ಬಿಡುವಿನ ವೇಳೆಯಲ್ಲಿ’ ಎಂದು ಬರೆದರೆ ಆ ಕೆಲಸ ಆಗುವುದಿಲ್ಲ ಎಂದೇ ತಿಳಿಯಬೇಕು.

ಮಕ್ಕಳ ವೇಳೆಯದೂ ಇದೇ ಪ್ರಶ್ನೆ. ಗುಜರಾತಿನಲ್ಲಿ ಜ್ಞಾನಶಾಲಾ ಎಂಬ ಸಂಸ್ಥೆ ನಡೆಸುವ ಶಾಲೆಗಳಲ್ಲಿ ಗಣಿತದ ಕಂಪ್ಯೂಟರ್ ಪಾಠಗಳನ್ನು ಅರ್ಥಶಾಸ್ತ್ರಜ್ಞ ಲೀ ಲಿಂಡನ್ ಎರಡು ಬಗೆಯಲ್ಲಿ ಪರೀಕ್ಷಿಸಿದರು. ಅಧ್ಯಯನ 2008ರಲ್ಲಿ ಹೊರಬಂತು. ಕೆಲವು ಶಾಲೆಗಳಲ್ಲಿ ಮಕ್ಕಳು ಮಾಮೂಲಿ ತರಗತಿಯ ಹೊತ್ತಿನಲ್ಲೇ, ಆ ಪಾಠದ ಬದಲಿಗೆ, ಕಂಪ್ಯೂಟರ್ ಮುಂದೆ ಕೂತರು. ಉಳಿದವುಗಳಲ್ಲಿ ಶಾಲೆಯ ಪಾಠ ಮುಗಿದ ಮೇಲೆ ಹೆಚ್ಚುವರಿಯಾಗಿ ಕೂತರು. ಬದಲಿಗೆ ಕೂತವರು ಕಂಪ್ಯೂಟರಿಲ್ಲದ ಮಕ್ಕಳಿಗಿಂತ ಗಣನೀಯವಾಗಿ ಕಡಿಮೆ ಕಲಿತಿದ್ದರು, ಹೆಚ್ಚುವರಿಯಾಗಿ ಕೂತವರು ಹೆಚ್ಚು ಕಲಿತಿದ್ದರು. ತಂತ್ರಾಂಶ ಎರಡೂ ಕಡೆ ಒಂದೇ. ಅಲ್ಲಿಯ ಮಾಮೂಲಿ ಪಾಠವೇ ಚೆನ್ನಾಗಿತ್ತು, ಅದನ್ನು ತಳ್ಳಿ ಕಂಪ್ಯೂಟರ್ ಬಂದಾಗ ನಷ್ಟವಾಯಿತು. ಹಾಗಾಗಿ ಶಾಲೆ ಕೇಳಬೇಕಾದ ಪ್ರಶ್ನೆಯೂ ಸ್ವಲ್ಪ ಬದಲಾಗುತ್ತದೆ: ತಂತ್ರಾಂಶ ಚೆನ್ನಾಗಿದೆಯೇ ಎಂಬುದಷ್ಟೇ ಸಾಲದು, ಅದು ಬಂದಾಗ ಯಾವ ಪಾಠ ಹೊರಗೆ ಹೋಗುತ್ತದೆ ಎಂದೂ ಕೇಳಬೇಕು.

ಹೊಂದಾಣಿಕೆಯ ಪರಿಶೀಲನೆ ಮಕ್ಕಳ ಉತ್ತರಪತ್ರಿಕೆಗಳ ಕಟ್ಟಿನಿಂದ ಶುರುವಾಗಬೇಕು, ತಂತ್ರಾಂಶದಿಂದಲ್ಲ. ಹಿಂದಿನ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಕೆಲವನ್ನು ತೆಗೆದು ಅಂಕ ಎಲ್ಲಿ ಹೋಗಿದೆ ಎಂದು ನೋಡಿದರೆ ಸಾಕು, ಒಂದು ಮಧ್ಯಾಹ್ನದ ಕೆಲಸ. 8ನೇ ತರಗತಿಯ ಮಕ್ಕಳು ಭಿನ್ನರಾಶಿಯಲ್ಲಿ, ಋಣ ಸಂಖ್ಯೆಯ ಕೂಡು-ಕಳೆಯಲ್ಲಿ, ಭಾಗಾಕಾರದಲ್ಲಿ ಎಡವುತ್ತಿದ್ದರೆ ಜಿಯೋಜೀಬ್ರಾ ಅದಕ್ಕೆ ಮದ್ದಲ್ಲ. ಅಲ್ಲಿ ಬೇಕಾಗಿರುವುದು ಅಭ್ಯಾಸ ಮತ್ತು ಹತ್ತಿರ ಕೂತು ತಿದ್ದುವ ಒಬ್ಬರು. 10ನೇ ತರಗತಿಯವರು ಪ್ರಮೇಯದ ಹೇಳಿಕೆಯನ್ನು ಬಾಯಿಪಾಠ ಮಾಡಿ, ಚಿತ್ರವನ್ನು ಪುಸ್ತಕದಲ್ಲಿದ್ದಂತೆಯೇ ಬರೆದು, ಅದೇ ಚಿತ್ರವನ್ನು ಸ್ವಲ್ಪ ತಿರುಗಿಸಿ ಕೊಟ್ಟ ಪ್ರಶ್ನೆಯಲ್ಲಿ ಸಿಕ್ಕಿಬೀಳುತ್ತಿದ್ದರೆ ಆಗ ಜಿಯೋಜೀಬ್ರಾಕ್ಕೆ ಕೆಲಸವಿದೆ. ನಮ್ಮ ಕಲ್ಪಿತ ಶಾಲೆಯಲ್ಲಿ ಎರಡೂ ತೊಂದರೆಗಳಿವೆ ಎಂದಿಟ್ಟುಕೊಳ್ಳೋಣ. ಆಗ ಟಿಪ್ಪಣಿ 8ನೇ ತರಗತಿಯನ್ನು ಈ ತಂತ್ರಾಂಶದ ವ್ಯಾಪ್ತಿಯಿಂದ ಹೊರಗಿಡಬೇಕು.

ಮುಂದಿನ ಕೆಲಸ ಪಠ್ಯಪುಸ್ತಕದ ಪರಿವಿಡಿಯನ್ನು ತೆರೆದು ಅಧ್ಯಾಯದಿಂದ ಅಧ್ಯಾಯಕ್ಕೆ ನೋಡುವುದು. ವೃತ್ತಗಳು, ತ್ರಿಭುಜಗಳು, ನಿರ್ದೇಶಾಂಕ ರೇಖಾಗಣಿತ, ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳ ಜೋಡಿ, ಬಹುಪದೋಕ್ತಿಯ ಶೂನ್ಯತೆಗಳು ಇವೆಲ್ಲ ಚಲಿಸುವ ಚಿತ್ರದಿಂದ ಬೆಳಕಾಗುವ ಅಧ್ಯಾಯಗಳು. ವಾಸ್ತವ ಸಂಖ್ಯೆಗಳು, ಸಮಾಂತರ ಶ್ರೇಢಿ, ಸಂಭವನೀಯತೆಗಳಲ್ಲಿ ಅದರ ನೆರವು ಅಲ್ಪ. ಬಹುಪದೋಕ್ತಿಗೆ ಒಂದು ಉದಾಹರಣೆ ನೋಡಬಹುದು. ಇನ್‌ಪುಟ್ ಪಟ್ಟಿಯಲ್ಲಿ ಈ ಸಾಲನ್ನು ಬರೆದರೆ a, b, c ಎಂಬ ಮೂರು ಸ್ಲೈಡರ್‌ಗಳನ್ನು ತಂತ್ರಾಂಶವೇ ರಚಿಸಿಕೊಳ್ಳುತ್ತದೆ.

```
y = a x^2 + b x + c
```

c ಎಂಬ ಸ್ಲೈಡರನ್ನು ಎಳೆದರೆ ಪರವಲಯ ಮೇಲೆ ಕೆಳಗೆ ಸರಿಯುತ್ತದೆ. ಅದು x-ಅಕ್ಷವನ್ನು ಎರಡು ಕಡೆ ಕತ್ತರಿಸುವುದು, ಒಂದೇ ಕಡೆ ಮುಟ್ಟುವುದು, ಮುಟ್ಟದೆ ಮೇಲಕ್ಕೆ ಹೋಗುವುದು ಒಂದರ ಹಿಂದೆ ಒಂದು ಕಾಣುತ್ತದೆ. ವರ್ಗ ಬಹುಪದೋಕ್ತಿಗೆ ಎರಡು, ಒಂದು ಅಥವಾ ಯಾವ ವಾಸ್ತವ ಶೂನ್ಯತೆಯೂ ಇಲ್ಲದಿರಬಹುದು ಎಂದು ಪುಸ್ತಕದಲ್ಲಿ ಮೂರು ಬೇರೆ ಬೇರೆ ಚಿತ್ರಗಳಾಗಿ ಇರುವುದು ಇಲ್ಲಿ ಒಂದೇ ಚಲನೆಯ ಮೂರು ಗಳಿಗೆಗಳಾಗುತ್ತದೆ. ಈ ಒಂದು ಅನುಕೂಲವೇ ತಂತ್ರಾಂಶದ ಪರವಾಗಿ ಬಹಳ ಮಾತಾಡುತ್ತದೆ. ಬಣ್ಣ, ಸಂಗೀತ, ಅಂಕಪದಕಗಳ ವಿಷಯ ಹಾಗಲ್ಲ.

ಹೊಂದಾಣಿಕೆಗೆ ಮಿತಿಯೂ ಇದೆ, ಅದನ್ನು ಟಿಪ್ಪಣಿಯಲ್ಲಿ ಬಚ್ಚಿಡಬಾರದು. ಬಾಹ್ಯಬಿಂದುವಿನಿಂದ ವೃತ್ತಕ್ಕೆ ಎಳೆದ ಎರಡು ಸ್ಪರ್ಶಕಗಳು ಸಮ ಎಂಬ ಪ್ರಮೇಯವನ್ನು ತೆಗೆದುಕೊಳ್ಳಬಹುದು. O ಕೇಂದ್ರದ ವೃತ್ತ, ಹೊರಗೆ P, ಸ್ಪರ್ಶಬಿಂದುಗಳು A ಮತ್ತು B. ಉದ್ದ ಅಳೆದರೆ PA, PB ಸಮ. P ಬಿಂದುವನ್ನು ಎಲ್ಲಿಗೆ ಎಳೆದರೂ ಸಮ. P ವೃತ್ತದ ಮೇಲೆ ಬಂದಾಗ ಎರಡು ಸ್ಪರ್ಶಕಗಳು ಒಂದಾಗುತ್ತವೆ, ಒಳಗೆ ಹೋದರೆ ಮಾಯವಾಗುತ್ತವೆ. ಮಕ್ಕಳಿಗೆ ಇದು ಮನದಟ್ಟಾಗುತ್ತದೆ. ಆದರೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಕೇಳುವುದು ಸಾಧನೆಯನ್ನು. OA, OB, OP ಸೇರಿಸಿ, ತ್ರಿಭುಜ OAP ಮತ್ತು OBPಗಳು ಲಂಬಕೋನ, ವಿಕರ್ಣ, ಬಾಹುವಿನ ಆಧಾರದಲ್ಲಿ ಸರ್ವಸಮ ಎಂದು ತೋರಿಸಬೇಕು. ತೆರೆಯ ಮೇಲೆ ನೂರು ಸಲ ಸಮವಾಗಿ ಕಂಡದ್ದು ಸಾಧನೆಯಲ್ಲ. ಶಿಕ್ಷಕರು ಚಿತ್ರದಿಂದ ಸಾಧನೆಗೆ ಸೇತುವೆ ಕಟ್ಟದಿದ್ದರೆ ‘ಅಳೆದು ನೋಡಿದ್ದೇವೆ ಸಾರ್, ಸಮ ಇದೆ’ ಎಂಬಲ್ಲಿಗೇ ಮಕ್ಕಳು ನಿಲ್ಲುತ್ತಾರೆ. ಕೈವಾರ ಹಿಡಿದು ರಚಿಸುವ ಕೈಯ ಅಭ್ಯಾಸಕ್ಕೂ ಮೌಸ್ ಬದಲಿಯಲ್ಲ.

ಭಾಷೆಯ ಹೊಂದಾಣಿಕೆಯನ್ನು ಊಹೆಯ ಮೇಲೆ ಬರೆಯಬಾರದು. ಶಾಲೆಯ ಯಂತ್ರದಲ್ಲೇ ಆವೃತ್ತಿಯನ್ನು ಸ್ಥಾಪಿಸಿ, ಭಾಷೆಯ ಪಟ್ಟಿಯನ್ನು ತೆರೆದು, ಮೆನುಗಳು ಎಷ್ಟರ ಮಟ್ಟಿಗೆ ಕನ್ನಡದಲ್ಲಿ ಬರುತ್ತವೆ, ಆ ಪದಗಳು ಪಠ್ಯಪುಸ್ತಕದ ಪದಗಳೇ ಹೌದೇ ಎಂದು ನೋಡಬೇಕು. ಕನ್ನಡ ಮಾಧ್ಯಮದ ಪುಸ್ತಕಗಳಲ್ಲೂ ಬಿಂದುಗಳ ಹೆಸರು ABC ಎಂದೇ ಇರುವುದರಿಂದ ಚಿತ್ರ ಓದಲು ತೊಡಕಿಲ್ಲ. ತೊಡಕು ಬರುವುದು ಮಕ್ಕಳೇ ಉಪಕರಣ ಹುಡುಕಬೇಕಾದಾಗ. ಮಕ್ಕಳ ಮಾಹಿತಿಯ ವಿಷಯವನ್ನೂ ಇಲ್ಲೇ ನೋಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯು 18 ತುಂಬದವರ ಮಾಹಿತಿ ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆನ್ನುತ್ತದೆ. ಅಂತರ್ಜಾಲವಿಲ್ಲದೆ ಓಡುವ ಜಿಯೋಜೀಬ್ರಾಕ್ಕೆ ಮಕ್ಕಳ ಖಾತೆಯೇ ಬೇಡ. ಮಗುವಿಗೊಂದು ಖಾತೆ ತೆರೆದು ಅಂಕ ದಾಖಲಿಸುವ ಪ್ಯಾಕೇಜಿಗಾದರೆ ಈ ಒಪ್ಪಿಗೆಯ ಕೆಲಸ ಶಾಲೆಯ ತಲೆಗೂ ಬರುತ್ತದೆ.

ನಾಳೆ ಕಂಪನಿ ಬಾಗಿಲು ಹಾಕಿದರೆ ಏನು ಎಂಬ ಪ್ರಶ್ನೆ ಅತಿಯಾದ ಎಚ್ಚರಿಕೆ ಎನಿಸಬಹುದು, ಆದರೆ ಜಿಯೋಜೀಬ್ರಾದ ವಿಷಯದಲ್ಲಿ ಅದು ಕೇಳಲೇಬೇಕಾದದ್ದು. 2021ರಲ್ಲಿ ಬೈಜೂಸ್ ಅದನ್ನು ಕೊಂಡಿತು. 2024ರಲ್ಲಿ ಬೈಜೂಸ್‌ನ ಮಾತೃಸಂಸ್ಥೆ ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿತು. ಒಡೆತನ ಯಾರ ಕೈಗೆ ಹೋದರೂ ಶಾಲೆಯ ಯಂತ್ರದಲ್ಲಿ ಆಗಲೇ ಸ್ಥಾಪಿಸಿದ ಆವೃತ್ತಿ ಅಲ್ಲಿಯೇ ಉಳಿಯುತ್ತದೆ. ಶಿಕ್ಷಕರು ಉಳಿಸಿದ .ggb ಕಡತ ಒಂದು ಸಾಮಾನ್ಯ ಜಿಪ್ ಕಟ್ಟು, ಒಳಗೆ ರಚನೆಯ ವಿವರ ಓದಬಲ್ಲ ಪಠ್ಯವಾಗಿಯೇ ಇರುತ್ತದೆ. ಸ್ಥಾಪನೆಯ ಕಡತದ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡರೆ ಈ ಅಪಾಯದ ಬಹುಪಾಲು ತೀರುತ್ತದೆ. ಚಂದಾ ಪ್ಯಾಕೇಜಿನಲ್ಲಿ ಹೀಗಾಗುವುದಿಲ್ಲ, ಚಂದಾ ನಿಂತ ದಿನ ಪಾಠಗಳೂ ನಿಲ್ಲುತ್ತವೆ.

ಹೊಂದಾಣಿಕೆಯಲ್ಲಿ ಕೊನೆಗೆ ಉಳಿಯುವುದು ಕೊಠಡಿ ಮತ್ತು ಗಡಿಯಾರ. 40 ನಿಮಿಷದ ಪೀರಿಯಡ್ಡಿನಲ್ಲಿ ಮಕ್ಕಳು ಲ್ಯಾಬಿಗೆ ನಡೆದು ಕೂರಲು 5 ನಿಮಿಷ, ಯಂತ್ರಗಳು ಎದ್ದು ತಂತ್ರಾಂಶ ತೆರೆಯಲು 5, ಮುಚ್ಚಿ ಹೊರಡಲು 5 ಎಂದರೆ ಉಳಿಯುವುದು 25. ಹತ್ತು ಯಂತ್ರಕ್ಕೆ 40 ಮಕ್ಕಳು, ಒಂದಕ್ಕೆ ನಾಲ್ವರು. ಸರದಿಯಂತೆ ಒಬ್ಬರ ಕೈಗೆ ಮೌಸ್ ಸಿಗುವುದು ಆರು ನಿಮಿಷ, ವಾಸ್ತವದಲ್ಲಿ ಒಬ್ಬನೇ ಹಿಡಿದಿರುತ್ತಾನೆ. ತರಗತಿಯಲ್ಲೇ ಪ್ರೊಜೆಕ್ಟರ್ ಇಟ್ಟು ಶಿಕ್ಷಕರು ಒಂದು ಬಿಂದುವನ್ನು ಎಳೆಯುವ ಮುನ್ನ ‘ಈಗ ಏನಾಗುತ್ತೆ?’ ಎಂದು ಕೇಳಿ, ಮಕ್ಕಳು ಪಟ್ಟಿಯಲ್ಲಿ ಊಹೆ ಬರೆದ ಮೇಲೆ ಎಳೆದರೆ 35 ನಿಮಿಷವೂ ದುಡಿಯುತ್ತದೆ. ಮಕ್ಕಳ ಕೈಗೆ ಯಂತ್ರ ಕೊಡುವುದೇ ಉತ್ತಮ ಎಂಬ ನಂಬಿಕೆ ಎಲ್ಲ ಕಡೆ ಇದೆ. ಈ ಶಾಲೆಯ ಲೆಕ್ಕ ಮಾತ್ರ ಅದಕ್ಕೆ ವಿರುದ್ಧ.

ಮೂರನೆಯದು ಶಿಕ್ಷಕರ ಸಿದ್ಧತೆ. ಇದನ್ನು ಅಳೆಯಲು ಒಂದು ನಮೂನೆ ಹಂಚಿ ‘ಕಂಪ್ಯೂಟರ್ ಬಳಸಲು ಬರುತ್ತದೆಯೇ’ ಎಂದು ಕೇಳುವುದು ರೂಢಿ. ಮುಖ್ಯ ಶಿಕ್ಷಕರ ಮೇಜಿಗೆ ಮರಳುವ ನಮೂನೆಯಲ್ಲಿ ಬಾರದು ಎಂದು ಯಾರೂ ಬರೆಯುವುದಿಲ್ಲ. ಅದರ ಬದಲು ಒಂದು ಸಣ್ಣ ಕೆಲಸ ಕೊಟ್ಟು ಪಕ್ಕದಲ್ಲಿ ಕೂತು ನೋಡಿದರೆ ಅರ್ಧ ಗಂಟೆಯಲ್ಲಿ ಸ್ಥಿತಿ ತಿಳಿಯುತ್ತದೆ. ಖಾಲಿ ಪುಟದಲ್ಲಿ ಒಂದು ತ್ರಿಭುಜ ಮತ್ತು ಅದರ ಪರಿವೃತ್ತವನ್ನು ರಚಿಸಿ, ಉಳಿಸಿ, ಬೇರೆ ಯಂತ್ರದಲ್ಲಿ ತೆರೆದು ತೋರಿಸಬೇಕು ಎಂಬುದೇ ಆ ಕೆಲಸ. ಪರೀಕ್ಷೆ ಇರುವುದು ಒಂದು ಶೃಂಗವನ್ನು ಎಳೆದಾಗ. ಎರಡು ಬಾಹುಗಳ ಲಂಬಾರ್ಧಕಗಳು ಛೇದಿಸುವ ಬಿಂದುವನ್ನೇ ಕೇಂದ್ರವಾಗಿ ಹಿಡಿದಿದ್ದರೆ ವೃತ್ತ ಮೂರೂ ಶೃಂಗಗಳನ್ನು ಬಿಡದೆ ಹಿಂಬಾಲಿಸುತ್ತದೆ. ಕಣ್ಣಳತೆಯಲ್ಲಿ ಹತ್ತಿರ ಒಂದು ಬಿಂದು ಇಟ್ಟು ವೃತ್ತ ಎಳೆದಿದ್ದರೆ ಎಳೆದೊಡನೆ ಶೃಂಗಗಳು ವೃತ್ತದಿಂದ ಕಳಚಿಕೊಳ್ಳುತ್ತವೆ. ಚಿತ್ರ ಬಿಡಿಸುವುದಕ್ಕೂ ರಚನೆ ಮಾಡುವುದಕ್ಕೂ ಇರುವ ಭೇದ ಇಷ್ಟೇ, ಈ ತಂತ್ರಾಂಶದ ಗಣಿತವೆಲ್ಲ ಅದರಲ್ಲೇ ಇದೆ.

ತರಗತಿಯಲ್ಲಿ ಶಿಕ್ಷಕರನ್ನು ಬೀಳಿಸುವ ಗುಂಡಿಗಳು ಚಿಕ್ಕವು, ಆದರೆ ಗೊತ್ತಿದ್ದ ಗುಂಡಿಗಳು. ಕೋನ ಅಳೆಯಲು ಮೂರು ಬಿಂದುಗಳನ್ನು ಒತ್ತುವ ಕ್ರಮ ತಿರುವಾದರೆ 60°ಯ ಬದಲು 300° ಎಂದು ಬರುತ್ತದೆ, ಏಕೆಂದರೆ ತಂತ್ರಾಂಶ ಗಡಿಯಾರದ ವಿರುದ್ಧ ದಿಕ್ಕಿನಲ್ಲಿ ಅಳೆಯುತ್ತದೆ. ಇನ್ನೊಂದು ಇದಕ್ಕಿಂತ ಸ್ವಾರಸ್ಯದ್ದು. ಅಳತೆಗಳು ಸಾಮಾನ್ಯವಾಗಿ ಎರಡು ದಶಮಾಂಶ ಸ್ಥಾನಕ್ಕೆ ಸರಿಹೊಂದಿಸಿ ಕಾಣಿಸುತ್ತವೆ. ತ್ರಿಭುಜದ ಕೋನಗಳು 63.44°, 52.30°, 64.27° ಎಂದು ತೆರೆಯಲ್ಲಿದ್ದಾಗ ಚುರುಕಾದ ಹುಡುಗಿಯೊಬ್ಬಳು ಕೂಡಿ 180.01° ಬಂತಲ್ಲ ಎಂದು ಕೇಳುತ್ತಾಳೆ. ಸಿದ್ಧವಿಲ್ಲದ ಶಿಕ್ಷಕರು ಕಂಪ್ಯೂಟರ್ ತಪ್ಪು ಎಂದು ದಾಟಿಸುತ್ತಾರೆ. ಸಿದ್ಧವಿದ್ದವರು ದಶಮಾಂಶ ಸ್ಥಾನಗಳನ್ನು ಹೆಚ್ಚಿಸಿ ತೋರಿಸಿ, ಅಳತೆಯಿಂದ ಸಾಧನೆ ಏಕೆ ಆಗುವುದಿಲ್ಲ ಎಂಬ ಮಾತಿಗೆ ಅಲ್ಲಿಂದಲೇ ಹೊರಳುತ್ತಾರೆ. ಎರಡು ತರಗತಿಗಳ ನಡುವಿನ ಈ ಅಂತರ ಯಾವ ನಮೂನೆಯಲ್ಲೂ ಕಾಣುವುದಿಲ್ಲ.

ಹೀಗೆ ನೋಡಿದರೆ ಶಿಕ್ಷಕರು ಮೂರು ಮೆಟ್ಟಿಲುಗಳಲ್ಲಿ ನಿಂತಿರುತ್ತಾರೆ. ಯಾರೋ ಮಾಡಿಕೊಟ್ಟ ಕಡತವನ್ನು ತೆರೆದು ತೋರಿಸಬಲ್ಲವರು ಮೊದಲ ಮೆಟ್ಟಿಲಿನವರು. ಅದನ್ನು ತಮ್ಮ ಪಾಠಕ್ಕೆ ತಕ್ಕಂತೆ ಬದಲಿಸಬಲ್ಲವರು ಎರಡನೆಯದು. ಮಕ್ಕಳ ಪ್ರಶ್ನೆಗೆ ಅಲ್ಲೇ ಹೊಸ ರಚನೆ ಮಾಡಿ ಉತ್ತರ ಹುಡುಕಬಲ್ಲವರು ಮೂರನೆಯದು. ಶಾಲೆ ಶುರು ಮಾಡಲು ಒಬ್ಬರಾದರೂ ಎರಡನೆಯ ಮೆಟ್ಟಿಲಲ್ಲಿರಬೇಕು, ಇನ್ನೊಬ್ಬರು ಮೊದಲನೆಯದರಲ್ಲಾದರೂ ಇರಬೇಕು. ಇಬ್ಬರು ಬೇಕು ಎನ್ನುವುದಕ್ಕೆ ಕಾರಣವಿದೆ. ಒಬ್ಬರನ್ನೇ ನಂಬಿದ ಶಾಲೆಗಳಲ್ಲಿ ಆ ಒಬ್ಬರು ವರ್ಗವಾಗಿ ಹೋದ ದಿನ, ಇಲ್ಲವೇ ಚುನಾವಣೆ, ಗಣತಿಯ ಕೆಲಸಕ್ಕೆ ನಿಯುಕ್ತರಾದ ತಿಂಗಳು, ತಂತ್ರಾಂಶ ಮಲಗುತ್ತದೆ. ಒಂದು ದಿನದ ತರಬೇತಿಯಿಂದ ಯಾರೂ ಎರಡನೆಯ ಮೆಟ್ಟಿಲು ಏರುವುದಿಲ್ಲ. ವಾರಕ್ಕೊಂದು ಗಂಟೆ ಇಬ್ಬರೂ ಜೊತೆಗೆ ಕೂತು ಮುಂದಿನ ವಾರದ ಪಾಠದ ಒಂದೇ ಒಂದು ಕಡತವನ್ನು ತಯಾರಿಸುವುದು ನಿಧಾನವಾದರೂ ನಿಲ್ಲುವ ದಾರಿ. ಅದಕ್ಕೆ ವೇಳಾಪಟ್ಟಿಯಲ್ಲಿ ಇಬ್ಬರಿಗೂ ಒಟ್ಟಿಗೆ ಬಿಡುವಾಗುವ ಒಂದು ಪೀರಿಯಡ್ ಬೇಕು. ಅದನ್ನು ಕೊಡಬಲ್ಲವರು ಮುಖ್ಯ ಶಿಕ್ಷಕರು ಮಾತ್ರ. ಶಿಕ್ಷಕರ ಸಿದ್ಧತೆ ಎಂದು ಕರೆಯುವುದರಲ್ಲಿ ದೊಡ್ಡ ಪಾಲು ಹೀಗೆ ಶಾಲೆಯ ಸಿದ್ಧತೆಯೇ.

ಮೂರನ್ನೂ ನೋಡಿಯಾದ ಮೇಲೆ ಅವನ್ನು ಸೇರಿಸುವುದು ಹೇಗೆ? ಪ್ರತಿಯೊಂದಕ್ಕೂ ಹತ್ತರಲ್ಲಿ ಇಷ್ಟು ಎಂದು ಅಂಕ ಕೊಟ್ಟು ಸರಾಸರಿ ತೆಗೆಯುವುದು ಬಹಳ ಕಡೆ ನಡೆಯುತ್ತದೆ, ಅದು ಮೋಸದ ಲೆಕ್ಕ. ವೆಚ್ಚಕ್ಕೆ 9, ಹೊಂದಾಣಿಕೆಗೆ 8, ಸಿದ್ಧತೆಗೆ 2 ಕೊಟ್ಟರೆ ಸರಾಸರಿ 6ಕ್ಕಿಂತ ಮೇಲೆ, ಪಾಸು. ತರಗತಿಯಲ್ಲಿ ಮಾತ್ರ ಪಾಠ ನಡೆಯುವುದಿಲ್ಲ, ಏಕೆಂದರೆ ಪ್ರೊಜೆಕ್ಟರ್ ಅಗ್ಗವಾಗಿದೆ ಎಂಬುದರಿಂದ ಶಿಕ್ಷಕರ ಕೈ ಪಳಗುವುದಿಲ್ಲ. ಈ ಮೂರೂ ಒಂದನ್ನೊಂದು ತುಂಬಿಕೊಡುವ ಸಂಗತಿಗಳಲ್ಲ. ಪ್ರತಿಯೊಂದಕ್ಕೂ ಒಂದು ಕನಿಷ್ಠ ಮಟ್ಟ ಗೊತ್ತುಮಾಡಿ, ಯಾವುದಾದರೂ ಒಂದು ಅದಕ್ಕಿಂತ ಕೆಳಗಿದ್ದರೆ ಉಳಿದೆರಡು ಎಷ್ಟೇ ಮೇಲಿದ್ದರೂ ನಿರ್ಧಾರವನ್ನು ಮುಂದೂಡುವುದು ಸರಿಯಾದ ಕ್ರಮ.

ನಮ್ಮ ಶಾಲೆಯಲ್ಲಿ ಒಬ್ಬ ಶಿಕ್ಷಕರ ಪರಿವೃತ್ತ ಎಳೆದಾಗ ನಿಂತಿತು, ಇನ್ನೊಬ್ಬರದು ಕಳಚಿತು ಎಂದು ಹಿಡಿದರೆ ಟಿಪ್ಪಣಿಯ ಶಿಫಾರಸು ಹೀಗಿರುತ್ತದೆ:

‘ಚಂದಾ ಪ್ಯಾಕೇಜನ್ನು ಈ ವರ್ಷ ಕೊಳ್ಳುವುದು ಬೇಡ. 10ನೇ ತರಗತಿಯ ಎರಡೂ ವಿಭಾಗಗಳಲ್ಲಿ ವೃತ್ತಗಳು, ತ್ರಿಭುಜಗಳು, ಬಹುಪದೋಕ್ತಿಗಳು ಎಂಬ ಮೂರು ಅಧ್ಯಾಯಗಳಿಗೆ ಮಾತ್ರ, ತರಗತಿಯ ಕೊಠಡಿಯಲ್ಲೇ ಪ್ರೊಜೆಕ್ಟರ್ ಮೂಲಕ ಜಿಯೋಜೀಬ್ರಾವನ್ನು ಒಂದು ವರ್ಷ ಪ್ರಯೋಗವಾಗಿ ಬಳಸುವುದು. ಲ್ಯಾಬಿಗೆ ಹೊಸ ಯಂತ್ರ ಕೊಳ್ಳುವ ಮಾತನ್ನು ಪ್ರಯೋಗ ಮುಗಿದ ಮೇಲೆ ಎತ್ತುವುದು. ಗಣಿತ ಶಿಕ್ಷಕರಿಬ್ಬರಿಗೂ ಶುಕ್ರವಾರದ ಕೊನೆಯ ಪೀರಿಯಡ್ ಜಂಟಿ ಸಿದ್ಧತೆಗೆ ಬಿಡುವುದು. ಆ ಪೀರಿಯಡ್ ಕೊಡಲಾಗದಿದ್ದರೆ ಪ್ರೊಜೆಕ್ಟರ್ ಖರೀದಿಯನ್ನೂ ತಡೆಯುವುದು. 8ನೇ ತರಗತಿಯ ಭಿನ್ನರಾಶಿಯ ತೊಂದರೆಗೆ ಸಂಜೆಯ ವಿಶೇಷ ತರಗತಿಯನ್ನು ಹಾಗೆಯೇ ಮುಂದುವರಿಸುವುದು, ಅದರ ಹೊತ್ತನ್ನು ಈ ಕೆಲಸಕ್ಕೆ ತೆಗೆಯಬಾರದು.’

ಪ್ರಯೋಗ ಸರಿದಾರಿಯಲ್ಲಿದೆಯೇ ಎಂದು ತಿಳಿಯಲು ದೊಡ್ಡ ಸಮೀಕ್ಷೆ ಬೇಡ. ಪ್ರೊಜೆಕ್ಟರಿನ ಜೊತೆಗೆ ಒಂದು ದಾಖಲೆ ಪುಸ್ತಕ ಇಟ್ಟು ದಿನಾಂಕ, ತರಗತಿ, ತೆರೆದ ಕಡತ, ನಡುವೆ ಏನು ಕೆಟ್ಟಿತು ಎಂಬ ನಾಲ್ಕು ಕಾಲಂ ಎಳೆದರೆ ಸಾಕು. ಅದರಲ್ಲಿ ಒಬ್ಬರದೇ ಕೈಬರಹ ಕಾಣುತ್ತಿದ್ದರೆ ಎರಡನೆಯ ಶಿಕ್ಷಕರು ಇನ್ನೂ ಒಳಗೆ ಬಂದಿಲ್ಲ. ತಪಾಸಣೆಯ ವಾರದಲ್ಲಷ್ಟೇ ನಮೂದುಗಳು ತುಂಬಿದ್ದರೆ ಅದು ಪ್ರದರ್ಶನಕ್ಕೆ ಸೀಮಿತವಾಗಿದೆ. ಮೊದಲ ಎರಡು ತಿಂಗಳ ಆಮೇಲೂ ಬೇರೆಯವರ ಕಡತಗಳೇ ತೆರೆಯುತ್ತಿದ್ದರೆ ಮೆಟ್ಟಿಲು ಏರಿಲ್ಲ. ಮಕ್ಕಳ ಕಲಿಕೆಗೆ ಘಟಕ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಮೀಸಲಿಡಬಹುದು. P ಬಿಂದು ವೃತ್ತದ ಮೇಲೆಯೇ ಬಂದರೆ ಎಷ್ಟು ಸ್ಪರ್ಶಕ ಎಳೆಯಬಹುದು, ಏಕೆ ಎಂದು ಎರಡು ವಾಕ್ಯ ಬರೆಯಿರಿ ಎಂಬಂಥದ್ದು. ಅದೇ ಪ್ರಶ್ನೆಯನ್ನು ಪ್ರಯೋಗಕ್ಕೆ ಮುನ್ನ, ಹಿಂದಿನ ಸಾಲಿನ 10ನೇ ತರಗತಿಗೂ ಕೊಟ್ಟು ಉತ್ತರಗಳನ್ನು ಎತ್ತಿಟ್ಟಿದ್ದರೆ ಮಾತ್ರ ಹೋಲಿಕೆ ಸಾಧ್ಯ. ತಂತ್ರಾಂಶ ಬಂದ ಮೇಲೆ ಈ ಕೆಲಸ ನೆನಪಾದರೆ ಆ ಅವಕಾಶ ಕಳೆದುಹೋಗಿರುತ್ತದೆ. ಹೋಲಿಕೆಯಿಂದ ಸಿಗುವುದು ಅಂದಾಜು ಮಾತ್ರ, ಎರಡು ವರ್ಷದ ಮಕ್ಕಳು ಬೇರೆ ಬೇರೆಯವರು. ಒಂದು ಶಾಲೆಯ ನಿರ್ಧಾರಕ್ಕೆ ಅಷ್ಟು ಸಾಕು.

ಟಿಪ್ಪಣಿಯ ಕೊನೆಯಲ್ಲಿ ಮರುಪರಿಶೀಲನೆಯ ದಿನಾಂಕ, ಯಾರು ಮಾಡಬೇಕು ಎಂಬುದು ಮತ್ತು ಕೈಬಿಡುವ ಷರತ್ತು ಇರಬೇಕು. ನಮ್ಮ ಉದಾಹರಣೆಯಲ್ಲಿ ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೆ ಪ್ರತಿ ವಿಭಾಗದಲ್ಲಿ ಆರು ಪೀರಿಯಡ್ಡಿಗಿಂತ ಕಡಿಮೆ ಬಳಕೆಯಾಗಿದ್ದರೆ ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿ ಪ್ರೊಜೆಕ್ಟರನ್ನು ವಿಜ್ಞಾನದ ಪಾಠಗಳಿಗೆ ಕೊಡುವುದು ಎಂದು ಬರೆಯಬಹುದು. ಸಹಿ ಮುಖ್ಯ ಶಿಕ್ಷಕರದು ಮಾತ್ರವಲ್ಲದೆ ಇಬ್ಬರು ಗಣಿತ ಶಿಕ್ಷಕರದೂ ಇರಬೇಕು. ಒಪ್ಪದವರು ಇದ್ದರೆ ಅವರ ಕಾರಣವನ್ನು ಅವರ ಮಾತಿನಲ್ಲೇ ಅದೇ ಪುಟದಲ್ಲಿ ಸೇರಿಸಬೇಕು. ಪ್ರತಿಯೊಂದನ್ನು ದಾಖಲೆ ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿದರೆ, ಮುಂದಿನ ಜೂನಿನಲ್ಲಿ ಹೊಸ ಮುಖ್ಯ ಶಿಕ್ಷಕರು ಬಂದು ಈ ಪ್ರೊಜೆಕ್ಟರ್ ಯಾಕೆ ಕೊಂಡಿರಿ ಎಂದು ಕೇಳಿದಾಗ ತೋರಿಸಲು ಕಾಗದ ಇರುತ್ತದೆ.